ಇನ್‌ವಾಯ್ಸ್, ಕ್ರೆಡಿಟ್ ನೋಟ್, ಪರ್ಚೇಸ್ ಆರ್ಡರ್ ಎಲ್ಲಾ ಒಂದೇ ಫೋಲ್ಡರ್‌ನಲ್ಲಿ ಬೆರೆತಿವೆ: ಯಾವುದಕ್ಕೆ ಯಾವ ಟೆಂಪ್ಲೇಟ್ ಎಂದು ಮೊದಲು ಹೇಗೆ ತೀರ್ಮಾನಿಸುವುದು?

ದೀಪಾ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳ ಒಂದು ದೊಡ್ಡ ಫೋಲ್ಡರ್ ನನ್ನ ಕೈಗೆ ಬಂದಿದೆ. ಇನ್‌ವಾಯ್ಸ್, ಕ್ರೆಡಿಟ್ ನೋಟ್, ಪರ್ಚೇಸ್ ಆರ್ಡರ್, ಡೆಲಿವರಿ ನೋಟ್, ಸ್ಟೇಟ್‌ಮೆಂಟ್ ಎಲ್ಲಾ ಬೆರೆತಿವೆ. ಫೈಲ್ ಹೆಸರು `scan0001.pdf` ತರಹ ಇರುವುದರಿಂದ ಅದರಿಂದ ಏನೂ ತಿಳಿಯುವುದಿಲ್ಲ.

ಪ್ರತಿ ಬಗೆಗೂ ಡೇಟಾ ತೆಗೆಯುವ ಟೆಂಪ್ಲೇಟ್ ಸಿದ್ಧವಿದೆ. ಸರಿಯಾದ ಕಾಗದ ಕೊಟ್ಟರೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ತೊಂದರೆ ಇರುವುದು ಅದಕ್ಕಿಂತ ಮುಂಚಿನ ಹೆಜ್ಜೆಯಲ್ಲಿ. ಈಗಿರುವ ಸ್ಕ್ರಿಪ್ಟ್ ಫೈಲ್‌ನ ಪೂರ್ತಿ ಪಠ್ಯ ಓದಿ, ಯಾವ ಬಗೆಯ ಪದ ಜಾಸ್ತಿ ಸಲ ಬಂದಿದೆ ಎಂದು ಎಣಿಸಿ, ಆ ಬಗೆಯ ಟೆಂಪ್ಲೇಟ್ ಹಾಕುತ್ತದೆ. ಹೀಗಾಗಿ ಮುಕ್ಕಾಲು ಪಾಲು ಫೈಲ್‌ಗಳು ಇನ್‌ವಾಯ್ಸ್ ಆಗಿಬಿಡುತ್ತವೆ. ಕ್ರೆಡಿಟ್ ನೋಟ್ ಕೂಡ. ಎರರ್ ಏನೂ ಬರುವುದಿಲ್ಲ, ಒಂದು ಸಂಖ್ಯೆ, ಒಂದು ದಿನಾಂಕ, ಒಂದು ಮೊತ್ತ ಬಂದು ಕೂರುತ್ತದೆ. ಕಳೆಯಬೇಕಾದ ಹಣ ಕೂಡಿಕೆಯಾಗುತ್ತಿದೆ. ಇದನ್ನು ತಡೆಯಲು ನೀವೆಲ್ಲ ಏನು ಮಾಡುತ್ತೀರಿ?

ಮಂಜು_ಡಿ

ಫೋಲ್ಡರ್ ಒಳಗೆ ಐದು ಸಬ್‌ಫೋಲ್ಡರ್ ಮಾಡಿ, ಎಕ್ಸ್‌ಪ್ಲೋರರ್‌ನಲ್ಲಿ ದೊಡ್ಡ ಥಂಬ್‌ನೇಲ್ ಇಟ್ಟುಕೊಂಡು ಎಳೆದು ಹಾಕಿ. ಅರ್ಧ ದಿನದಲ್ಲಿ ಮುಗಿಯುತ್ತದೆ.

ದೀಪಾ_ಲೆಕ್ಕ

ಮಂಜು ಅವರೇ, ಇದು ಒಂದು ಸಲದ ಕೆಲಸವಾಗಿದ್ದರೆ ಹಾಗೇ ಮಾಡುತ್ತಿದ್ದೆ. ಹೊಸ ಸ್ಕ್ಯಾನ್‌ಗಳು ಬರುತ್ತಲೇ ಇರುತ್ತವೆ. ಜೊತೆಗೆ ಥಂಬ್‌ನೇಲ್‌ನಲ್ಲಿ ಕಾಣುವುದು ಮೊದಲ ಪುಟ ಮಾತ್ರ, ಅಲ್ವಾ? ಒಂದೇ ಪಿಡಿಎಫ್ ಒಳಗೆ ಮೂರ್ನಾಲ್ಕು ಬೇರೆ ಬೇರೆ ಕಾಗದಗಳಿವೆ.

ಕಡತಗಾರ

ನಿಮ್ಮ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ. ಫೈಲ್ ಎನ್ನುವುದು ಸ್ಕ್ಯಾನರ್ ಮುಂದೆ ಕೂತವರು ಕಾಗದದ ಕಟ್ಟನ್ನು ಎಲ್ಲಿ ನಿಲ್ಲಿಸಿದರು ಎಂಬುದಷ್ಟನ್ನೇ ಹೇಳುತ್ತದೆ. ಅದಕ್ಕೂ ದಾಖಲೆಯ ಬಗೆಗೂ ಸಂಬಂಧವಿಲ್ಲ. ಬಗೆ ತೀರ್ಮಾನ ಆಗಬೇಕಾದ್ದು ಪುಟದ ಮಟ್ಟದಲ್ಲಿ. ಆಮೇಲೆ ಪುಟಗಳನ್ನು ಸೇರಿಸಿ ದಾಖಲೆ ಮಾಡಿಕೊಳ್ಳಬೇಕು.

ತಪ್ಪು ವಿಂಗಡಣೆ ಆದ ಒಂದು ಪಿಡಿಎಫ್ ತೆಗೆದುಕೊಂಡು, ಪುಟ ಪುಟಕ್ಕೂ ಏನಿದೆ ಎಂದು ಇಲ್ಲಿ ಬರೆಯಬಹುದಾ? ಹೆಸರು, ಮೊತ್ತ ಏನೂ ಬೇಡ.

ದೀಪಾ_ಲೆಕ್ಕ

ಖಂಡಿತ. ಒಂಬತ್ತು ಪುಟದ್ದು ಒಂದಿದೆ.

1 ಪರ್ಚೇಸ್ ಆರ್ಡರ್. 2 ಅದರ ಹಿಂಬದಿ, ಸಣ್ಣ ಅಕ್ಷರದ ಷರತ್ತುಗಳು. 3 ಡೆಲಿವರಿ ನೋಟ್. 4 ಮತ್ತು 5 ಒಂದೇ ಇನ್‌ವಾಯ್ಸ್‌ನ ಎರಡು ಪುಟ. 6 ಖಾಲಿ ಹಿಂಬದಿ. 7 ಕ್ರೆಡಿಟ್ ನೋಟ್. 8 ಸ್ಟೇಟ್‌ಮೆಂಟ್. 9 ಇನ್ನೊಂದು ಡೆಲಿವರಿ ನೋಟ್, ತಲೆಕೆಳಗಾಗಿ ಸ್ಕ್ಯಾನ್ ಆಗಿದೆ.

ಇಡೀ ಫೈಲ್‌ಗೆ ಇನ್‌ವಾಯ್ಸ್ ಟೆಂಪ್ಲೇಟ್ ಬಿತ್ತು. ಮೊತ್ತ ಬಂದದ್ದು 1ನೇ ಪುಟದಿಂದ, ಅಂದರೆ ಪರ್ಚೇಸ್ ಆರ್ಡರ್‌ನಿಂದ!

ಕಡತಗಾರ

ನೋಡಿ, ಪದ ಎಣಿಸುವುದು ಇಲ್ಲಿ ಯಾಕೆ ಸೋಲುತ್ತದೆ ಎಂದು ಈ ಒಂದು ಫೈಲ್‌ನಲ್ಲೇ ಕಾಣುತ್ತದೆ.

2ನೇ ಪುಟದ ಷರತ್ತುಗಳಲ್ಲಿ "ಇನ್‌ವಾಯ್ಸ್" ಎಂಬ ಪದ ಹತ್ತಾರು ಸಲ ಇರುತ್ತದೆ. ಇನ್‌ವಾಯ್ಸ್ ಹೀಗೆ ಕಳಿಸಿ, ಹಣ ಇಷ್ಟು ದಿನದೊಳಗೆ ಕೊಡುತ್ತೇವೆ, ಹೀಗೆಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಸಾಲೂ ಒಂದೊಂದು ಇನ್‌ವಾಯ್ಸ್‌ನದು. ಕ್ರೆಡಿಟ್ ನೋಟ್‌ನಲ್ಲಿ ಯಾವ ಇನ್‌ವಾಯ್ಸ್‌ಗೆ ಸಂಬಂಧಿಸಿದ್ದು ಎಂದು ಸಂಖ್ಯೆ ಹಾಕಲೇಬೇಕು. ಆದರೆ ನಿಜವಾದ ಇನ್‌ವಾಯ್ಸ್‌ನಲ್ಲಿ ಆ ಪದ ಎರಡು ಮೂರು ಸಲ ಬಂದರೆ ಹೆಚ್ಚು. ಎಣಿಸಿದರೆ ಇನ್‌ವಾಯ್ಸ್ ಅಲ್ಲದ ಪುಟಗಳೇ ಇನ್‌ವಾಯ್ಸ್‌ಗೆ ಜಾಸ್ತಿ ಮತ ಹಾಕುತ್ತವೆ.

ಹಾಗಾಗಿ ಪದ ಎಷ್ಟು ಸಲ ಬಂತು ಎಂಬುದನ್ನು ಬಿಡಿ. ಎಲ್ಲಿ ಬಂತು, ಎಷ್ಟು ದೊಡ್ಡ ಅಕ್ಷರದಲ್ಲಿ ಬಂತು, ಆ ಸಾಲಿನಲ್ಲಿ ಬೇರೆ ಏನಿದೆ, ಈ ಮೂರನ್ನು ನೋಡಿ. ಪುಟದ ಮೇಲಿನ ಮೂರನೇ ಒಂದು ಭಾಗದಲ್ಲಿ, ಉಳಿದ ಪಠ್ಯಕ್ಕಿಂತ ಎದ್ದು ಕಾಣುವ ಎತ್ತರದಲ್ಲಿ, ನಾಲ್ಕೈದು ಪದಕ್ಕಿಂತ ಉದ್ದವಿಲ್ಲದ ಸಾಲು ಇದ್ದರೆ ಅದು ತಲೆಬರಹ. ಅದೇ ಪದದ ಪಕ್ಕದಲ್ಲಿ "ನಂ." ಎಂದೋ ಅಂಕಿಯೋ ಇದ್ದರೆ ಅದು ತಲೆಬರಹವಲ್ಲ, ಬೇರೆ ಕಾಗದವನ್ನು ತೋರಿಸುವ ಉಲ್ಲೇಖ ಇರಬಹುದು.

ಸುರೇಶ್‌ಬಾಬು

ಇಷ್ಟೆಲ್ಲಾ ಯಾಕೆ? ಎಲ್ಲಾ ಟೆಂಪ್ಲೇಟ್‌ಗಳನ್ನೂ ಎಲ್ಲಾ ಪುಟಕ್ಕೂ ಓಡಿಸಿ. ಯಾವುದರಲ್ಲಿ ಲೆಕ್ಕ ಸರಿಹೋಗುತ್ತದೋ ಅದನ್ನು ಇಟ್ಟುಕೊಳ್ಳಿ. ಮೂಲ ಮೊತ್ತ, ತೆರಿಗೆ ಕೂಡಿದರೆ ಒಟ್ಟು ಬರಬೇಕು. ಬಂದರೆ ಟೆಂಪ್ಲೇಟ್ ಸರಿ, ಬರದಿದ್ದರೆ ತಪ್ಪು. ವಿಂಗಡಣೆ ಎಂಬ ಹೆಜ್ಜೆಯೇ ಬೇಕಿಲ್ಲ. ನಾನು ಬಹಳ ಕಾಲದಿಂದ ಹೀಗೇ ಮಾಡುತ್ತಿದ್ದೇನೆ.

ವಿನುತಾ

ಸುರೇಶ್ ಸರ್, ಕ್ರೆಡಿಟ್ ನೋಟ್‌ನಲ್ಲೂ ಮೂಲ ಮೊತ್ತ ಮತ್ತು ತೆರಿಗೆ ಕೂಡಿದರೆ ಒಟ್ಟು ಬರುತ್ತದೆ. ಪರ್ಚೇಸ್ ಆರ್ಡರ್‌ನಲ್ಲೂ ಬರುತ್ತದೆ. ದೀಪಾ ಅವರ ಸಮಸ್ಯೆಯೇ ಇನ್‌ವಾಯ್ಸ್ ಟೆಂಪ್ಲೇಟ್ ಆ ಕಾಗದಗಳ ಮೇಲೂ ತೊಂದರೆ ಇಲ್ಲದೆ ಓಡಿಬಿಡುತ್ತದೆ ಎಂಬುದು. ನಿಮ್ಮ ಪರೀಕ್ಷೆ ಮೂರನ್ನೂ ಪಾಸ್ ಮಾಡುತ್ತದೆ.

ಸುರೇಶ್‌ಬಾಬು

ಕ್ರೆಡಿಟ್ ನೋಟ್‌ನಲ್ಲಿ ಮೈನಸ್ ಚಿಹ್ನೆ ಇರುತ್ತದಲ್ಲ.

ವಿನುತಾ

ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕೆಲವರು ಬ್ರಾಕೆಟ್‌ನಲ್ಲಿ ಬರೆಯುತ್ತಾರೆ. ಹಾಕಿದರೂ ಒಸಿಆರ್‌ನಲ್ಲಿ ಆ ಚಿಕ್ಕ ಗೆರೆ ಉಳಿಯುತ್ತದೆ ಎಂಬ ನಂಬಿಕೆ ಇಲ್ಲ. ಇಡೀ ತೀರ್ಮಾನವನ್ನು ಒಂದು ಗೆರೆಯ ಮೇಲೆ ನಿಲ್ಲಿಸಬಾರದು.

ಕಡತಗಾರ

ಸುರೇಶ್ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅದು ಇಲ್ಲಿಗಲ್ಲ, ಮುಂದಿನ ಹೆಜ್ಜೆಗೆ ಬೇಕಾಗುತ್ತದೆ. ಪುಟ ಇನ್‌ವಾಯ್ಸ್ ಎಂದು ಗೊತ್ತಾದ ಮೇಲೆ, ಯಾವ ಕಂಪನಿಯ ಯಾವ ವಿನ್ಯಾಸ ಎಂದು ಆರಿಸಬೇಕಲ್ಲ? ಅಲ್ಲಿ ಎರಡು ಮೂರು ಟೆಂಪ್ಲೇಟ್ ಓಡಿಸಿ, ಲೆಕ್ಕ ತಾಳೆಯಾದದ್ದನ್ನು ಇಟ್ಟುಕೊಳ್ಳುವುದು ಒಳ್ಳೆಯ ದಾರಿ. ಅದೇ ಕಂಪನಿ ತನ್ನ ವಿನ್ಯಾಸ ಬದಲಿಸಿದ್ದರೆ ಹಳೆಯ ಟೆಂಪ್ಲೇಟ್‌ನಲ್ಲಿ ಲೆಕ್ಕ ತಪ್ಪಿ, ನಮಗೆ ಕೂಡಲೇ ತಿಳಿಯುತ್ತದೆ.

ಬಗೆ ಬೇರೆ, ವಿನ್ಯಾಸ ಬೇರೆ. ಟೆಂಪ್ಲೇಟ್ ಅಂಟಿಕೊಂಡಿರುವುದು ವಿನ್ಯಾಸಕ್ಕೆ. ಎರಡನ್ನೂ ಒಂದೇ ಪ್ರಶ್ನೆ ಮಾಡಿಕೊಂಡರೆ ಗೋಜಲು.

ಸುರೇಶ್‌ಬಾಬು

ನನಗೆ ಈಗಲೂ ಎರಡು ಹೆಜ್ಜೆ ಅನಗತ್ಯ ಅನ್ನಿಸುತ್ತದೆ. ಬಗೆಯನ್ನು ತಿಳಿಸುವ ಒಂದು ಫೀಲ್ಡ್ ಅನ್ನು ಟೆಂಪ್ಲೇಟ್ ಒಳಗೇ ಕಡ್ಡಾಯ ಮಾಡಿದರೆ ಆಯಿತು. ಅದು ಸಿಗದಿದ್ದರೆ ಟೆಂಪ್ಲೇಟ್ ನಿಲ್ಲಲಿ.

ವಿನುತಾ

ಅದು ಸರಿ. invoice2data ಬಳಸುವವರಿಗೆ ಅದರಲ್ಲೇ ಈ ಸೌಲಭ್ಯ ಇದೆ. `keywords` ಕೆಳಗೆ ಕೊಟ್ಟಿದ್ದೆಲ್ಲ ಸಿಗಬೇಕು, `exclude_keywords` ಕೆಳಗೆ ಕೊಟ್ಟಿದ್ದು ಯಾವುದೂ ಸಿಗಬಾರದು.

```yaml
keywords:
  - Invoice
exclude_keywords:
  - Credit Note
  - Statement of Account
```

ಆದರೆ ಇದು ಪದ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ, ಪುಟದಲ್ಲಿ ಎಲ್ಲಿದೆ ಎಂದು ನೋಡುವುದಿಲ್ಲ. "ಈ ಇನ್‌ವಾಯ್ಸ್‌ಗೆ ಮೊದಲು ಕೊಟ್ಟ ಕ್ರೆಡಿಟ್ ನೋಟ್ ಸರಿದೂಗಿಸಲಾಗಿದೆ" ಎಂದು ಅಡಿಯಲ್ಲಿ ಒಂದು ಸಾಲು ಇದ್ದರೂ ನಿಜವಾದ ಇನ್‌ವಾಯ್ಸ್ ಹೊರಗೆ ಬೀಳುತ್ತದೆ. ಜಾಗ ನೋಡಲೇಬೇಕು ಎನ್ನುವುದು ಅದಕ್ಕೇ.

ರಘು_ಲೈಬ್ರರಿ

ನಮ್ಮಲ್ಲಿ ಇರುವುದು ಒಂದೇ ಅಳತೆಯ ಹಳೆಯ ಕಾರ್ಡ್‌ಗಳು. ಪಠ್ಯ ಓದುವುದೇ ಇಲ್ಲ. ಚಿತ್ರದ ಪರ್ಸೆಪ್ಚುವಲ್ ಹ್ಯಾಶ್ ತೆಗೆದು, ಹತ್ತಿರ ಇರುವುದನ್ನೆಲ್ಲ ಒಂದು ಗುಂಪು ಮಾಡುತ್ತೇವೆ. ತುಂಬಾ ವೇಗ. ನೀವೂ ಅದನ್ನೇ ಮಾಡಿ.

ಕಡತಗಾರ

ರಘು ಅವರೇ, ನಿಮ್ಮ ಕಾರ್ಡ್‌ಗೆ ಅದು ಸರಿಯಾದ ಆಯ್ಕೆ. ಅಚ್ಚಾದ ಗೆರೆ, ಚೌಕ ಒಂದೇ ಜಾಗದಲ್ಲಿ ಇರುತ್ತವೆ, ಬದಲಾಗುವುದು ತುಂಬಿದ ಅಕ್ಷರ ಮಾತ್ರ. ಇಲ್ಲಿ ಹಾಗಿಲ್ಲ. ಒಂದೇ ಕಂಪನಿಯ ಇನ್‌ವಾಯ್ಸ್ ಮತ್ತು ಕ್ರೆಡಿಟ್ ನೋಟ್ ಸಾಮಾನ್ಯವಾಗಿ ಒಂದೇ ಸಾಫ್ಟ್‌ವೇರ್‌ನಿಂದ, ಒಂದೇ ಲೆಟರ್‌ಹೆಡ್ ಮೇಲೆ ಅಚ್ಚಾಗುತ್ತವೆ. ತಲೆಬರಹದ ಎರಡು ಪದ ಬಿಟ್ಟರೆ ಚಿತ್ರ ಒಂದೇ. ಹ್ಯಾಶ್ ತೆಗೆಯುವಾಗ ಪುಟವನ್ನು ಬಹಳ ಚಿಕ್ಕದಾಗಿ ಕುಗ್ಗಿಸುತ್ತಾರಲ್ಲ, ಅಲ್ಲಿ ಆ ಎರಡು ಪದ ಮಾಯ. ಯಾವ ಜೋಡಿಯನ್ನು ಬೇರೆ ಮಾಡಬೇಕಿತ್ತೋ ಅದೇ ಜೋಡಿ ಒಂದಾಗಿಬಿಡುತ್ತದೆ.

ಕಂಪನಿಯ ವಿನ್ಯಾಸ ಗುರುತಿಸಲು ಹ್ಯಾಶ್ ಬೇಕಾದರೆ ಬಳಸಬಹುದು. ಆಗಲೂ ಪುಟ ಓರೆಯಾಗಿದ್ದರೆ, ಅಂಚು ಕತ್ತರಿಸಿದ್ದರೆ ದೂರ ಹೋಗುತ್ತದೆ. ಅದಕ್ಕೆ ತೆರಿಗೆ ನೋಂದಣಿ ಸಂಖ್ಯೆ ಇನ್ನೂ ಗಟ್ಟಿ ಗುರುತು. ಕಂಪನಿ ಲೋಗೋ ಬದಲಿಸಿದರೂ ಆ ಸಂಖ್ಯೆ ಸುಲಭವಾಗಿ ಬದಲಾಗುವುದಿಲ್ಲ.

ರಘು_ಲೈಬ್ರರಿ

ಒಪ್ಪಿದೆ. ಫಾರಂ ಅಡಿಯ ಮೂಲೆಯಲ್ಲಿ ಫಾರಂ ಸಂಖ್ಯೆ, ಪರಿಷ್ಕರಣೆ ಸಂಖ್ಯೆ ಇರುವ ಕಾಗದಗಳಿದ್ದರೆ ಅದನ್ನೂ ಬಿಡಬೇಡಿ. ನಮ್ಮಲ್ಲಿ ಹ್ಯಾಶ್ ಗೊಂದಲ ಮಾಡಿದಾಗ ಆ ಪುಟ್ಟ ಅಕ್ಷರಗಳೇ ತೀರ್ಮಾನ ಕೊಟ್ಟಿವೆ.

ದೀಪಾ_ಲೆಕ್ಕ

ಕಡತಗಾರ ಸರ್, ಅಕ್ಷರದ ಎತ್ತರ, ಜಾಗ ಎಲ್ಲಿಂದ ಸಿಗುತ್ತದೆ? ನನಗೆ ಈಗ ಸಿಗುತ್ತಿರುವುದು ಬರೀ ಪಠ್ಯ.

ಕಡತಗಾರ

ಟೆಸರಾಕ್ಟ್ ಬಳಸುತ್ತಿದ್ದರೆ ಪಠ್ಯದ ಬದಲು ಟಿಎಸ್‌ವಿ ಕೇಳಿ.

```
pdftoppm -r 300 -gray -png scan0001.pdf p
tesseract p-4.png p-4 tsv
```

ಪ್ರತಿ ಪದಕ್ಕೂ ಒಂದು ಸಾಲು ಬರುತ್ತದೆ. `left`, `top`, `width`, `height`, `conf`, `text` ಎಂಬ ಕಾಲಂ ಇರುತ್ತವೆ. ಪದವಲ್ಲದ ಸಾಲುಗಳಲ್ಲಿ `conf` -1 ಇರುತ್ತದೆ, ಅವನ್ನು ಬಿಡಿ. ಉಳಿದ ಪದಗಳ `height` ಎಲ್ಲಾ ತೆಗೆದು ಮಧ್ಯದ ಬೆಲೆ, ಅಂದರೆ ಮೀಡಿಯನ್ ನೋಡಿ. ಅದು ಆ ಪುಟದ ಸಾಮಾನ್ಯ ಅಕ್ಷರದ ಎತ್ತರ. ಅದರ ಒಂದೂವರೆ ಪಟ್ಟಿಗಿಂತ ಎತ್ತರ ಇರುವ ಪದಗಳನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಹುಡುಕಿ. ಒಂದೂವರೆ ಎನ್ನುವುದು ಶುರು ಮಾಡಲು ಮಾತ್ರ. ನಿಮ್ಮ ಕಾಗದ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಸಿಕ್ಕ ಸಾಲನ್ನು ಈ ಕ್ರಮದಲ್ಲಿ ಪರೀಕ್ಷಿಸಿ. ಕ್ರಮ ಮುಖ್ಯ.

```python
TITLES = [
    ("proforma",  r"pro\s*-?\s*forma"),
    ("credit",    r"credit\s+(note|memo)"),
    ("po",        r"purchase\s+order"),
    ("delivery",  r"delivery\s+note|packing\s+slip"),
    ("statement", r"statement"),
    ("invoice",   r"[il1|]nvo[il1|]ce"),
]
```

ದೊಡ್ಡ, ಚಿಕ್ಕ ಅಕ್ಷರದ ಭೇದ ನೋಡದಂತೆ `re.I` ಹಾಕಿ. ಇನ್‌ವಾಯ್ಸ್ ಕೊನೆಗೆ ಬರಲಿ. ಪ್ರೊಫಾರ್ಮಾ ಇನ್‌ವಾಯ್ಸ್‌ನ ತಲೆಬರಹದಲ್ಲೂ ಆ ಪದ ಇದೆ, ಆದರೆ ಅದು ಹಣ ಕೊಡಬೇಕಾದ ಬಿಲ್ ಅಲ್ಲ. ಅದನ್ನು ಮೊದಲೇ ಹಿಡಿಯದಿದ್ದರೆ ಒಂದೇ ವ್ಯವಹಾರ ಎರಡು ಸಲ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ಐ ಅಕ್ಷರವನ್ನು ಒಸಿಆರ್ ಚಿಕ್ಕ ಎಲ್ ಎಂದೋ ಒಂದು ಎಂದೋ ಓದುವುದು ಸಾಮಾನ್ಯ, ಆ ಚೌಕ ಬ್ರಾಕೆಟ್ ಅದಕ್ಕೆ.

ಅನಿತಾ.ಎಸ್

ತಲೆಕೆಳಗಾದ 9ನೇ ಪುಟ? ಅದರ ತಲೆಬರಹ ಕೆಳಗಿರುತ್ತದಲ್ಲ.

ಕಡತಗಾರ

ಒಳ್ಳೆಯ ಪ್ರಶ್ನೆ. ಅದಕ್ಕೆ ಒಸಿಆರ್‌ಗೂ ಮುಂಚೆ ದಿಕ್ಕು ಸರಿಮಾಡಬೇಕು. `tesseract p-9.png - --psm 0` ಕೊಟ್ಟರೆ ಎಷ್ಟು ಡಿಗ್ರಿ ತಿರುಗಿಸಬೇಕು, ಆ ಊಹೆಯ ಮೇಲೆ ಎಷ್ಟು ಭರವಸೆ ಎಂದು ಹೇಳುತ್ತದೆ. OCRmyPDF ಬಳಸಿದರೆ `--rotate-pages --deskew` ಕೊಟ್ಟು ಎರಡನ್ನೂ ಒಟ್ಟಿಗೆ ಮುಗಿಸಬಹುದು.

ಅಕ್ಷರ ತೀರ ಕಡಿಮೆ ಇರುವ ಪುಟದಲ್ಲಿ ದಿಕ್ಕು ಪತ್ತೆಯಾಗುವುದಿಲ್ಲ, "Too few characters" ಎಂದು ಬಿಟ್ಟುಬಿಡುತ್ತದೆ. ಚಿಕ್ಕ ಡೆಲಿವರಿ ನೋಟ್‌ಗಳಲ್ಲಿ ಇದು ಆಗುತ್ತದೆ. ಆಗ ಪುಟವನ್ನು ತಿರುಗಿಸಿ ಎರಡೂ ದಿಕ್ಕಿನಲ್ಲಿ ಓದಿಸಿ, `conf` ಸರಾಸರಿ ಯಾವುದರಲ್ಲಿ ಜಾಸ್ತಿ ಇದೆಯೋ ಅದನ್ನು ಇಟ್ಟುಕೊಳ್ಳಿ. ತಲೆಕೆಳಗಾದ ಪುಟದಿಂದ ಬರುವ ಪದಗಳು ಕಸದಂತಿರುತ್ತವೆ, ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಮಂಜು_ಡಿ

ಈ ಪಿಡಿಎಫ್‌ಗಳನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡುವ ಉಚಿತ ಸಾಫ್ಟ್‌ವೇರ್ ಯಾವುದು? ಹಾಗೇ ಕೇಳಿದೆ.

ಅನಿತಾ.ಎಸ್

`qpdf` ಅಥವಾ `pdfunite`. ಆದರೆ ಇಲ್ಲಿ ನಾವು ಬಿಡಿಸುವ ಕೆಲಸದಲ್ಲಿದ್ದೇವೆ ಮಂಜು ಅವರೇ 🙂

ದೀಪಾ_ಲೆಕ್ಕ

ತಲೆಬರಹದ ವಿಧಾನ ಹಾಕಿ ನೋಡಿದೆ. 1, 3, 4, 7, 8 ಸರಿಯಾದವು. ತಿರುಗಿಸಿದ ಮೇಲೆ 9 ಕೂಡ ಸರಿಯಾಯಿತು. 2, 5, 6ಕ್ಕೆ ತಲೆಬರಹವೇ ಇಲ್ಲ. ಇವನ್ನು ಏನು ಮಾಡಲಿ?

ಕಡತಗಾರ

ತಲೆಬರಹ ಇಲ್ಲದ ಪುಟಗಳು ಮೂರು ತರಹ. ನಿಮ್ಮ ಫೈಲ್‌ನಲ್ಲಿ ಮೂರೂ ಇವೆ.

5 ಮುಂದುವರಿದ ಪುಟ. ಅದರಲ್ಲಿ "Page 2 of 2" ಇದೆಯಾ ನೋಡಿ. ಇಲ್ಲದಿದ್ದರೆ 4ನೇ ಪುಟದ ಇನ್‌ವಾಯ್ಸ್ ಸಂಖ್ಯೆ ಇಲ್ಲೂ ಇದೆಯಾ ನೋಡಿ. ಎರಡರಲ್ಲಿ ಒಂದು ಸಿಕ್ಕರೆ ಹಿಂದಿನ ಪುಟಕ್ಕೆ ಸೇರಿಸಿ. ಏನೂ ಸಿಗದೆ ಸುಮ್ನೆ ಹಿಂದಿನದಕ್ಕೆ ಅಂಟಿಸಬೇಡಿ. ಒಟ್ಟು ಮೊತ್ತ ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುತ್ತದೆ. ತಪ್ಪು ಪುಟ ಅಂಟಿದರೆ ತಪ್ಪು ಮೊತ್ತ ಬರುತ್ತದೆ.

2 ಷರತ್ತುಗಳ ಹಿಂಬದಿ. ಅದರ ಗುರುತು ಬೇರೆಯೇ. ಪದಗಳು ಬಹಳ, ಅಂಕಿಗಳು ತೀರ ಕಡಿಮೆ, ಎಲ್ಲಾ ಅಕ್ಷರ ಒಂದೇ ಸಣ್ಣ ಎತ್ತರ. ಒಟ್ಟು ಅಕ್ಷರಗಳಲ್ಲಿ ಅಂಕಿಯ ಪಾಲು ಎಷ್ಟು ಎಂದು ಲೆಕ್ಕ ಹಾಕಿದರೆ ಇನ್‌ವಾಯ್ಸ್ ಪುಟಕ್ಕೂ ಇದಕ್ಕೂ ದೊಡ್ಡ ಅಂತರ ಕಾಣುತ್ತದೆ. ಇದಕ್ಕೆ ಟೆಂಪ್ಲೇಟ್ ಬೇಡ. ಹಿಂದಿನ ದಾಖಲೆಯ ಬೆನ್ನು ಎಂದು ಗುರುತು ಹಾಕಿ, ಡೇಟಾ ತೆಗೆಯುವಾಗ ಹೊರಗಿಡಿ.

6 ಖಾಲಿ. ಪದವೇ ಇಲ್ಲದಿದ್ದರೆ ಖಾಲಿ ಎನ್ನಿ, ಆದರೆ ಅಳಿಸಬೇಡಿ. ಹಿಂಬದಿಯಲ್ಲಿ ಒಂದು ಸೀಲು, ಒಂದು ಸಹಿ ಇದ್ದರೆ ಒಸಿಆರ್‌ಗೆ ಅದೂ ಖಾಲಿಯೇ. ತೆಳು ಕಾಗದದಲ್ಲಿ ಮುಂಬದಿಯ ಶಾಯಿ ಹಾದು ಬಂದಿದ್ದರೆ ಉಲ್ಟಾ, ಖಾಲಿ ಪುಟದಲ್ಲೂ ಕಸದ ಪದಗಳು ಸಿಗುತ್ತವೆ. ಅವುಗಳ `conf` ಕಡಿಮೆ ಇರುತ್ತದೆ, ಅದರಿಂದ ಪತ್ತೆ ಮಾಡಬಹುದು.

ಹಳೆ_ಆಪರೇಟರ್

ಸ್ಕ್ಯಾನ್ ಮಾಡುವ ಕಡೆಯಿಂದ ಒಂದು ಮಾತು. ಪ್ರತಿ ದಾಖಲೆಯ ಮುಂದೆ ಬಾರ್‌ಕೋಡ್ ಇರುವ ಒಂದು ಹಾಳೆ ಇಟ್ಟು ಸ್ಕ್ಯಾನ್ ಮಾಡಿದರೆ ಇದರಲ್ಲಿ ಅರ್ಧ ತಲೆನೋವು ಇರುವುದೇ ಇಲ್ಲ. ಆ ಹಾಳೆಯನ್ನು ಮತ್ತೆ ಮತ್ತೆ ಬಳಸಬಹುದು. ಬಾರ್‌ಕೋಡ್‌ನಲ್ಲೇ ಬಗೆಯನ್ನು ಬರೆದಿಟ್ಟರೆ `zbarimg` ಅದನ್ನು ಓದಿ ಹೇಳುತ್ತದೆ. ಊಹೆಯ ಮಾತೇ ಇಲ್ಲ.

ಇನ್ನೊಂದು. ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ, ಗ್ರೇಸ್ಕೇಲ್ ಇಡಿ. ತಿಳಿ ಬಣ್ಣದ ತಲೆಬರಹ ಕಪ್ಪು ಬಿಳುಪು ಮಾಡುವಾಗ ಪೂರ್ತಿ ಬೆಳ್ಳಗಾಗಿ ಅಳಿಸಿಹೋಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಬಂದರೂ ಅದು ವಾಪಸ್ ಬರುವುದಿಲ್ಲ.

ದೀಪಾ_ಲೆಕ್ಕ

ಹಾಳೆಯ ವಿಷಯ ಸ್ಕ್ಯಾನ್ ಮಾಡುವವರಿಗೆ ತಿಳಿಸುತ್ತೇನೆ. ಈಗಾಗಲೇ ಇರುವ ಫೋಲ್ಡರ್‌ಗೆ ಅದು ಆಗುವುದಿಲ್ಲ. ಕೆಲವು ಕಂಪನಿಗಳ ಪುಟದಲ್ಲಿ ತಲೆಬರಹ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಟಿಎಸ್‌ವಿಯಲ್ಲಿ ಇಲ್ಲವೇ ಇಲ್ಲ. ಗಾಢ ಪಟ್ಟಿಯ ಮೇಲೆ ಬಿಳಿ ಅಕ್ಷರ.

ವಿನುತಾ

ಅದು ಟೆಸರಾಕ್ಟ್ ಆ ಪಟ್ಟಿಯನ್ನು ಚಿತ್ರ ಎಂದುಕೊಂಡು ಬಿಟ್ಟಿರುವುದು. ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಬಣ್ಣ ತಿರುವುಮುರುವು ಮಾಡಿ, `--psm 11` ಕೊಟ್ಟು ಇನ್ನೊಮ್ಮೆ ಓದಿಸಿ. ತಲೆಬರಹ ಸಿಗದ ಪುಟಗಳಿಗೆ ಮಾತ್ರ ಇದನ್ನು ಮಾಡಿದರೆ ಸಮಯವೂ ಜಾಸ್ತಿ ಹಿಡಿಯುವುದಿಲ್ಲ.

ಪ್ರಸನ್ನ_ಕೋಡ್

ನಿಯಮ ಬರೆಯುತ್ತಾ ಕೂರುವ ಬದಲು ಒಂದು ಕ್ಲಾಸಿಫೈಯರ್ ಕಲಿಸಿ. ಒಸಿಆರ್ ಪಠ್ಯ, ಟಿಎಫ್-ಐಡಿಎಫ್, ಮೇಲೆ ಒಂದು ಲಾಜಿಸ್ಟಿಕ್ ರಿಗ್ರೆಶನ್. ಬಗೆಗೆ ಕೆಲವು ಡಜನ್ ಪುಟ ಕೈಯಲ್ಲಿ ಗುರುತು ಹಾಕಿದರೆ ಸಾಕು. ನನ್ನದರಲ್ಲಿ ನೂರಕ್ಕೆ 98 ಬರುತ್ತಿತ್ತು.

ಕಡತಗಾರ

ಪ್ರಸನ್ನ, ಆ 98 ಅನ್ನು ಅಳೆಯುವಾಗ ಕಲಿಕೆಯ ಪುಟ ಮತ್ತು ಪರೀಕ್ಷೆಯ ಪುಟಗಳನ್ನು ಕಂಪನಿಯ ಪ್ರಕಾರ ಬೇರೆ ಮಾಡಿದ್ದಿರಾ, ಇಲ್ಲ ಎಲ್ಲಾ ಬೆರೆಸಿ ಹಂಚಿದ್ದಿರಾ?

ಪ್ರಸನ್ನ_ಕೋಡ್

ಬೆರೆಸಿ ಹಂಚಿದ್ದು. ಯಾಕೆ?

ಕಡತಗಾರ

ನಿಮ್ಮ ಕ್ರೆಡಿಟ್ ನೋಟ್‌ಗಳಲ್ಲಿ ಬಹುಪಾಲು ಒಂದೆರಡು ಕಂಪನಿಗಳಿಂದ ಬಂದಿದ್ದರೆ, ಮಾಡೆಲ್ ಕಲಿಯುವುದು ಆ ಕಂಪನಿಯ ಹೆಸರು, ವಿಳಾಸ. ಆ ಪದ ಕಂಡರೆ ಕ್ರೆಡಿಟ್ ನೋಟ್ ಎನ್ನುತ್ತದೆ. ಅದೇ ಕಂಪನಿಯ ಪುಟ ಪರೀಕ್ಷೆಯಲ್ಲೂ ಇದ್ದರೆ ಅಂಕ ಚೆನ್ನಾಗಿ ಬರುತ್ತದೆ. ಹೊಸ ಕಂಪನಿ ಬಂದ ದಿನ ಕೈಕೊಡುತ್ತದೆ. ಪರೀಕ್ಷೆಗೆ ಇಟ್ಟ ಕಂಪನಿಗಳು ಕಲಿಕೆಯಲ್ಲಿ ಒಂದೂ ಇರಬಾರದು. ಹಾಗೆ ಅಳೆದು ನೋಡಿ.

ಎರಡನೆಯದು, ಒಟ್ಟು ನಿಖರತೆ ಈ ಕೆಲಸದಲ್ಲಿ ಏನನ್ನೂ ಹೇಳುವುದಿಲ್ಲ. 100 ಪುಟದಲ್ಲಿ 4 ಕ್ರೆಡಿಟ್ ನೋಟ್ ಇದ್ದು, ನಾಲ್ಕನ್ನೂ ಇನ್‌ವಾಯ್ಸ್ ಎಂದರೂ ನಿಖರತೆ 96. ಕ್ರೆಡಿಟ್ ನೋಟ್‌ಗಳಲ್ಲಿ ಎಷ್ಟು ಇನ್‌ವಾಯ್ಸ್ ರಾಶಿಗೆ ಹೋದವು ಎಂಬ ಒಂದೇ ಸಂಖ್ಯೆಯನ್ನು ಬೇರೆಯಾಗಿ ನೋಡಿ.

ಪ್ರಸನ್ನ_ಕೋಡ್

ಅಳೆದು ಹೇಳುತ್ತೇನೆ. ಆದರೂ ನಿಯಮದಿಂದಲೇ ಎಲ್ಲಾ ಆಗುತ್ತದೆ ಎಂಬುದನ್ನು ಒಪ್ಪುವುದಿಲ್ಲ. ತಲೆಬರಹವೇ ಅಚ್ಚು ಹಾಕದ ಕಂಪನಿಗಳೂ ಇವೆ. ಅಲ್ಲಿ ನಿಮ್ಮ ನಿಯಮ ಏನು ಮಾಡುತ್ತದೆ?

ಕಡತಗಾರ

ಗೊತ್ತಿಲ್ಲ ಎಂದು ಪಕ್ಕಕ್ಕಿಡುತ್ತದೆ. ಅದೇ ಅದು ಮಾಡಬೇಕಾದ ಕೆಲಸ. ನಿಮ್ಮ ಮಾಡೆಲ್ ಇರುವ ಆರು ಬಗೆಯಲ್ಲಿ ಒಂದನ್ನು ಆರಿಸಿಯೇ ತೀರುತ್ತದೆ, ಒಂದು ವಿಮೆ ಪತ್ರ ಕೊಟ್ಟರೂ. ಫೋಲ್ಡರ್‌ನಲ್ಲಿ ನಾವು ಊಹಿಸದ ಕಾಗದ ಇರುವುದಂತೂ ಖಂಡಿತ. ನನ್ನ ಪದ್ಧತಿ ಹೀಗೆ: ತಲೆಬರಹ ಸಿಕ್ಕರೆ ಅದು ಒಂದು ಅಭಿಪ್ರಾಯ, ಮಾಡೆಲ್ ಇನ್ನೊಂದು. ಎರಡೂ ಒಂದೇ ಹೇಳಿದರೆ ಟೆಂಪ್ಲೇಟ್‌ಗೆ ಹೋಗಲಿ. ಜಗಳ ಬಂದರೆ, ಅಥವಾ ತಲೆಬರಹ ಸಿಗದೆ ಮಾಡೆಲ್‌ನ ಮೊದಲ ಮತ್ತು ಎರಡನೇ ಆಯ್ಕೆ ಹತ್ತಿರ ಹತ್ತಿರ ಇದ್ದರೆ, ಮನುಷ್ಯರು ನೋಡುವ ಫೋಲ್ಡರ್‌ಗೆ ಹೋಗಲಿ.

ಸುರೇಶ್‌ಬಾಬು

ಹಾಗಾದರೆ ಆ ಫೋಲ್ಡರ್ ತುಂಬಿ ತುಳುಕುತ್ತದೆ. ಯಾರು ನೋಡುತ್ತಾರೆ?

ವಿನುತಾ

ಶುರುವಿನಲ್ಲಿ ತುಂಬುತ್ತದೆ, ಸರಿ. ಆದರೆ ಅದರಲ್ಲಿ ಬೀಳುವುದು ಒಂದೇ ತರಹದ ಪುಟಗಳು. ಬಿಳಿ ಅಕ್ಷರದ ಪಟ್ಟಿ ಸರಿಮಾಡಿದರೆ ಒಂದು ಗುಂಪು ಹೋಗುತ್ತದೆ, ತಲೆಬರಹ ಹಾಕದ ಒಂದು ಕಂಪನಿಗೆ ಅದರ ತೆರಿಗೆ ಸಂಖ್ಯೆಯ ನಿಯಮ ಸೇರಿಸಿದರೆ ಇನ್ನೊಂದು. ಕ್ರೆಡಿಟ್ ನೋಟ್ ತಪ್ಪಾಗಿ ಕೂಡಿಕೆಯಾಗಿ, ಆಮೇಲೆ ಯಾರೋ ಲೆಕ್ಕ ತಾಳೆ ನೋಡುವಾಗ ಹುಡುಕುವುದಕ್ಕಿಂತ ಇದು ಕಡಿಮೆ ಕೆಲಸ.

ಸುರೇಶ್‌ಬಾಬು

ಪುಟಗಳ ಸಂಖ್ಯೆ ಸಣ್ಣದಿದ್ದರೆ ಸರಿ. ದೊಡ್ಡ ರಾಶಿಗೆ ಇದು ನಡೆಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಇರಲಿ.

ದೀಪಾ_ಲೆಕ್ಕ

ಪೂರ್ತಿ ಫೋಲ್ಡರ್ ಓಡಿಸಿದೆ. ಕೈಯಾರೆ ಗುರುತು ಹಾಕಿ ಇಟ್ಟುಕೊಂಡ ಪುಟಗಳಲ್ಲಿ ಒಂದು ಕ್ರೆಡಿಟ್ ನೋಟ್ ಕೂಡ ಇನ್‌ವಾಯ್ಸ್ ರಾಶಿಗೆ ಹೋಗಲಿಲ್ಲ. ನೋಡಬೇಕಾದ ಫೋಲ್ಡರ್ ಮಾತ್ರ ದೊಡ್ಡದಿದೆ, ಸುರೇಶ್ ಸರ್ ಹೇಳಿದ್ದು ನಿಜ. ಅದರಲ್ಲಿ ಒಂದು ವಿಚಿತ್ರ ಗುಂಪು ಇದೆ. ತಲೆಬರಹದಲ್ಲೇ "Invoice / Delivery Note" ಎಂದು ಎರಡೂ ಬರೆದಿದ್ದಾರೆ. ನಿಯಮ ಡೆಲಿವರಿ ಎನ್ನುತ್ತದೆ, ಮಾಡೆಲ್ ಇನ್‌ವಾಯ್ಸ್ ಎನ್ನುತ್ತದೆ.

ಅನಿತಾ.ಎಸ್

ಮೊತ್ತ ಇದ್ದರೆ ಇನ್‌ವಾಯ್ಸ್, ಇಲ್ಲದಿದ್ದರೆ ಡೆಲಿವರಿ ನೋಟ್ ಅಂತ ಮಾಡಿದರೆ?

ಕಡತಗಾರ

ಬೆಲೆ ಅಚ್ಚಾದ ಡೆಲಿವರಿ ನೋಟ್‌ಗಳೂ ಇರುತ್ತವೆ ಅನಿತಾ, ಮೊತ್ತವನ್ನು ನಂಬಬೇಡಿ. ಇದನ್ನು ಏಳನೇ ಬಗೆ ಮಾಡಿ, ಪಟ್ಟಿಯಲ್ಲಿ ಎಲ್ಲದಕ್ಕಿಂತ ಮೇಲೆ ಇಡಿ. ಒಂದೇ ಸಾಲಿನಲ್ಲಿ ಎರಡೂ ಪದ ಇದ್ದರೆ ಈ ಬಗೆ. ಟೆಂಪ್ಲೇಟ್ ಇನ್‌ವಾಯ್ಸ್‌ನದೇ ಇರಲಿ, ಜೊತೆಗೆ ಡೆಲಿವರಿ ಸಂಖ್ಯೆ ತೆಗೆಯುವ ಒಂದು ಫೀಲ್ಡ್ ಸೇರಿಸಿ. ಅದೇ ಸಂಖ್ಯೆಯ ಬೇರೆ ಇನ್‌ವಾಯ್ಸ್ ಫೋಲ್ಡರ್‌ನಲ್ಲಿ ಇದೆಯಾ ಎಂದೂ ಒಮ್ಮೆ ಹುಡುಕಿ. ಕೆಲವರು ಸರಕಿನ ಜೊತೆ ಒಂದು ಪ್ರತಿ, ಆಮೇಲೆ ಅಂಚೆಯಲ್ಲಿ ಇನ್ನೊಂದು ಪ್ರತಿ ಕಳಿಸುತ್ತಾರೆ.

ದೀಪಾ_ಲೆಕ್ಕ

ಈಗಲೇ ಹುಡುಕಿದೆ. ಹೌದು, ಹಾಗೆ ಎರಡೆರಡು ಪ್ರತಿ ಇರುವವು ಹಲವು ಇವೆ. ಅದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ.